ಲಾಸ್ಟ್ ಸೀನ್ ನೋಡುತ್ತಾ ಕೂತವರು

ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಮೆಸೇಜು ಬರುತ್ತದೆ: ‘ನನ್ನ ಕೈಲಿ ಆಗ್ತಿಲ್ಲ. ಸ್ವಲ್ಪ ದಿನ ಮಾತಾಡೋದು ಬೇಡ. ಪ್ಲೀಸ್.’ ಮೂರು ವರ್ಷದ ಒಡನಾಟ. ಹಿಂದಿನ ವಾರ ಜಗಳ ಆಗಿತ್ತು ನಿಜ, ಆದರೆ ಅಂಥ ಜಗಳಗಳು ಮೊದಲೂ ಆಗಿ, ಎರಡು ದಿನಕ್ಕೆ ತಣ್ಣಗಾಗಿದ್ದವು. ಈ ಹುಡುಗನನ್ನು ಉದಾಹರಣೆಗೆಂದು ನಾನು ಕಲ್ಪಿಸಿಕೊಂಡಿದ್ದೇನೆ. ಪ್ರಶಾಂತ ಅನ್ನೋಣ. ತಿಪಟೂರಿನ ಕಡೆಯವನು, 27 ವರ್ಷ, ಬೆಂಗಳೂರಿನಲ್ಲಿ ಕೆಲಸ. ಹುಡುಗಿಯ ಹೆಸರು ಕಾವ್ಯ ಎಂದಿರಲಿ.

ಪ್ರಶಾಂತ ಕೂಡಲೇ ಫೋನ್ ಮಾಡುತ್ತಾನೆ. ರಿಂಗಾಗಿ ನಿಲ್ಲುತ್ತದೆ. ಎರಡನೆಯದನ್ನು ಅವಳು ಕಟ್ ಮಾಡುತ್ತಾಳೆ. ‘ಸ್ವಲ್ಪ ದಿನ ಅಂದ್ರೆ ಎಷ್ಟು ದಿನ?’ ಎಂದು ಕೇಳುತ್ತಾನೆ. ಉತ್ತರವಿಲ್ಲ. ತಪ್ಪೆಲ್ಲ ತನ್ನದೇ ಎಂದು ಉದ್ದಕ್ಕೆ ಬರೆದು ಕಳಿಸುತ್ತಾನೆ. ಅರ್ಧ ಗಂಟೆ ಬಿಟ್ಟು ಸಿಟ್ಟಿನಲ್ಲಿ ಇನ್ನೊಂದು ಕಳಿಸಿ, ಅವಳು ನೋಡುವ ಮುಂಚೆಯೇ ಅಳಿಸಿಬಿಡುತ್ತಾನೆ. ಒಂದೂಕಾಲಿಗೆ ಅವಳ ಲಾಸ್ಟ್ ಸೀನ್ ಬದಲಾಗುತ್ತದೆ. ಇಷ್ಟು ಹೊತ್ತಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಳು? ಮೂರು ತಿಂಗಳ ಚಾಟನ್ನು ಹಿಂದಕ್ಕೆ ಸರಿಸಿ, ಅವಳು ಯಾವತ್ತಿನಿಂದ ಚುಟುಕಾಗಿ ಉತ್ತರಿಸತೊಡಗಿದಳು ಎಂದು ಹುಡುಕುತ್ತಾ ಕೂರುತ್ತಾನೆ. ಬೆಳಗಾಗುವ ಹೊತ್ತಿಗೆ ಅವನಿಗೆ ಹೊಸದಾಗಿ ಗೊತ್ತಾದದ್ದು ಏನೂ ಇಲ್ಲ. ಆದರೂ ರಾತ್ರಿಯಿಡೀ ‘ಯೋಚನೆ ಮಾಡಿದೆ’ ಎಂದೇ ಅವನ ನಂಬಿಕೆ.

ಅವನು ಮಾಡಿದ್ದು ಯೋಚನೆಯಲ್ಲ, ಹುಡುಕಾಟ. ಈ ವ್ಯತ್ಯಾಸ ಗೊತ್ತಾದರೆ ಮುಂದಿನ ಅರ್ಧ ದಾರಿ ಸಲೀಸಾಗುತ್ತದೆ. ಅದನ್ನು ವಿವರಿಸಲು ಎಪ್ಪತ್ತು ವರ್ಷಕ್ಕೂ ಹಿಂದಿನ ಲಂಡನ್ನಿನ ಒಂದು ಆಸ್ಪತ್ರೆಗೆ ಹೋಗಬೇಕು.

ಆಗಿನ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮಗುವನ್ನು ದಾಖಲು ಮಾಡಿದರೆ ತಂದೆತಾಯಿ ಜೊತೆಗಿರುವಂತಿರಲಿಲ್ಲ. ನೋಡಲು ಬಿಡುತ್ತಿದ್ದುದೂ ಅಪರೂಪಕ್ಕೆ. ಮಕ್ಕಳು ಮೊದಲೆರಡು ದಿನ ಅಳುತ್ತವೆ, ಆಮೇಲೆ ಹೊಂದಿಕೊಳ್ಳುತ್ತವೆ ಎಂದು ವೈದ್ಯರು ಹೇಳುತ್ತಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬವರಿಗೆ ಈ ಮಾತಿನ ಮೇಲೆ ಅನುಮಾನ. ಅವರು ಲಾರಾ ಎಂಬ ಎರಡು ವರ್ಷದ ಹುಡುಗಿಯ ಎಂಟು ದಿನದ ಆಸ್ಪತ್ರೆ ವಾಸವನ್ನು ಕ್ಯಾಮೆರಾದಲ್ಲಿ ಹಿಡಿದು 1952ರಲ್ಲಿ ಚಿತ್ರ ಮಾಡಿದರು. ಲಾರಾ ಚೀರಾಡುವ ಮಗುವಲ್ಲ. ಅಳು ನುಂಗಿಕೊಂಡು ಮತ್ತೆ ಮತ್ತೆ ಅಮ್ಮ ಬೇಕೆಂದು ಕೇಳುತ್ತಾಳೆ. ಅಮ್ಮ ನೋಡಲು ಬಂದರೆ ಮುಖ ತಿರುಗಿಸುತ್ತಾಳೆ. ರಾಬರ್ಟ್‌ಸನ್ ಮತ್ತು ಅವರ ಸಹೋದ್ಯೋಗಿ, ಮನೋವೈದ್ಯ ಜಾನ್ ಬೌಲ್ಬಿ ಅಗಲಿಕೆಯ ಮೂರು ಹಂತಗಳನ್ನು ಗುರುತಿಸಿದರು. ಮೊದಲನೆಯದು ಪ್ರತಿಭಟನೆ: ಅಳುವುದು, ಕೂಗುವುದು, ಬಾಗಿಲ ಕಡೆ ನೋಡುವುದು, ಹುಡುಕುವುದು. ಎರಡನೆಯದು ಹತಾಶೆ. ಮೂರನೆಯದು, ಹೊರಗಿನವರ ಕಣ್ಣಿಗೆ ‘ಹೊಂದಿಕೊಂಡಿತು’ ಎಂದು ಕಾಣುವ ನಿರ್ಲಿಪ್ತತೆ.

ಮಗು ಯಾಕೆ ಕೂಗಬೇಕು? ಬೌಲ್ಬಿಯ ಉತ್ತರ ಸರಳವಾಗಿತ್ತು. ಆಸರೆಯವರು ಕಣ್ಮರೆಯಾದರೆ ಬದುಕುವುದೇ ಕಷ್ಟವಾದ ಜೀವಿಗೆ, ಅವರನ್ನು ಹೇಗಾದರೂ ಹತ್ತಿರಕ್ಕೆ ಕರೆಸಿಕೊಳ್ಳುವ ಏರ್ಪಾಡು ಹುಟ್ಟಿನಿಂದಲೇ ಬಂದಿರುತ್ತದೆ. ಕೂಗು ಆ ಏರ್ಪಾಡಿನ ಕೆಲಸ. ಅದು ನಮ್ಮ ಬಾಲ್ಯದ ಜೊತೆಗೆ ಮುಗಿದುಹೋಗುವುದಿಲ್ಲ. ದೊಡ್ಡವರಾದ ಮೇಲೆ ಅಮ್ಮನ ಜಾಗಕ್ಕೆ ಸಂಗಾತಿ ಬರುತ್ತಾರೆ, ಅಷ್ಟೇ. ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಎಂಬ ಇಬ್ಬರು ಸಂಶೋಧಕರು 1987ರಲ್ಲಿ ಈ ಮಾತನ್ನು ಪ್ರೇಮ ಸಂಬಂಧಗಳಿಗೆ ಅನ್ವಯಿಸಿದರು. ಅಮೆರಿಕದ ಡೆನ್ವರ್ ನಗರದ ಒಂದು ದಿನಪತ್ರಿಕೆಯಲ್ಲಿ ಪ್ರಶ್ನಾವಳಿ ಅಚ್ಚು ಮಾಡಿಸಿ ಓದುಗರಿಂದ ಉತ್ತರ ತರಿಸಿಕೊಂಡರು. ಐವರಲ್ಲಿ ಸುಮಾರು ಒಬ್ಬರು ಆರಿಸಿಕೊಂಡ ವಿವರಣೆ ಹೀಗಿತ್ತು: ನಾನು ಬಯಸುವಷ್ಟು ಹತ್ತಿರಕ್ಕೆ ಇನ್ನೊಬ್ಬರು ಬರುವುದಿಲ್ಲ, ನನ್ನವರು ನನ್ನನ್ನು ನಿಜಕ್ಕೂ ಪ್ರೀತಿಸುವುದಿಲ್ಲವೇನೋ, ಬಿಟ್ಟು ಹೋಗುತ್ತಾರೇನೋ ಎಂಬ ಚಿಂತೆ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ಬಗೆಯ ಅಂಟಿಕೊಳ್ಳುವಿಕೆಗೆ ಮನೋವಿಜ್ಞಾನದಲ್ಲಿ ‘ಆಂಕ್ಷಿಯಸ್ ಅಟ್ಯಾಚ್‌ಮೆಂಟ್’ ಎನ್ನುತ್ತಾರೆ. ಇವತ್ತು ಅದು ರೀಲ್ಸುಗಳಲ್ಲಿ ರಾಶಿ ಹೆಸರಿನಂತೆ ಓಡಾಡುತ್ತಿದೆ. ‘ನಾನು ಆಂಕ್ಷಿಯಸ್, ಅವಳು ಅವಾಯ್ಡೆಂಟ್’ ಎಂದು ಹೇಳಿಕೊಂಡರೆ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ, ಆಗುವುದಿಲ್ಲ. ಈ ಸ್ವಭಾವ ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ, ಕಾಲಕ್ರಮದಲ್ಲಿ ಬದಲಾಗುವುದೂ ಉಂಟು. ಮೂರು ವರ್ಷ ನೆಮ್ಮದಿಯಿಂದ ಇದ್ದವನೂ ಒಂದು ರಾತ್ರಿಯಲ್ಲಿ, ಕಾರಣ ಹೇಳದೆ ಬಿಟ್ಟರೆ, ಪ್ರಶಾಂತನ ಹಾಗೆಯೇ ಆಡಬಹುದು. ಅವನ ಫೋನ್ ಕಾಲುಗಳು, ಕ್ಷಮೆಯ ಮೆಸೇಜು, ಸಿಟ್ಟಿನ ಮೆಸೇಜು, ಎಲ್ಲವೂ ಪ್ರತಿಭಟನೆಯ ಹಂತದವೇ. ಸಿಟ್ಟು ಕೂಡ ಅವಳನ್ನು ದೂರ ತಳ್ಳಲು ಬಂದದ್ದಲ್ಲ, ಹೇಗಾದರೂ ಉತ್ತರ ಕೊಡಿಸಲು ಬಂದದ್ದು.

ಹಾಗಾದರೆ ರಾತ್ರಿಯಿಡೀ ನಡೆದ ಆ ಲೆಕ್ಕಾಚಾರ? ಮಗು ಬಾಗಿಲ ಕಡೆ ನೋಡುತ್ತದೆ, ದೊಡ್ಡವರು ತಲೆಯೊಳಗೆ ಹುಡುಕುತ್ತಾರೆ. ‘ಯಾಕೆ ಹೀಗೆ ಮಾಡಿದಳು’ ಎಂಬ ಪ್ರಶ್ನೆ ಉತ್ತರ ಕೇಳುವಂತೆ ಕಾಣುತ್ತದೆ, ಆದರೆ ಅದಕ್ಕೆ ಬೇಕಿರುವುದು ಅವಳು. ಇದನ್ನು ಪರೀಕ್ಷಿಸುವುದು ಸುಲಭ. ನಾಳೆ ಕಾವ್ಯಳೇ ಕೂತು ಕಾರಣ ಹೇಳಿದಳು ಎನ್ನಿ: ‘ನಮ್ಮಿಬ್ಬರ ಸ್ವಭಾವ ಹೊಂದೋದಿಲ್ಲ ಅನ್ನಿಸ್ತು.’ ಪ್ರಶಾಂತನ ತಲೆ ಅಲ್ಲಿಗೆ ನಿಲ್ಲುತ್ತದೆಯೇ? ‘ಹಾಗಾದ್ರೆ ಸಂಕ್ರಾಂತಿ ದಿನ ಯಾಕೆ ಹಾಗಂದೆ?’ ಎಂಬಲ್ಲಿಂದ ಮತ್ತೆ ಶುರು. ಉತ್ತರ ಸಿಕ್ಕರೂ ಮುಗಿಯದ ಪ್ರಶ್ನೆ ಎಂದರೆ ಅದು ಉತ್ತರಕ್ಕಾಗಿ ಕೇಳಿದ್ದಲ್ಲ.

ಮಿದುಳಿನ ಒಂದು ಅಧ್ಯಯನವೂ ಇದೇ ಕಡೆ ಕೈ ತೋರಿಸುತ್ತದೆ. ಹೆಲೆನ್ ಫಿಶರ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪ್ರೀತಿಸಿದವರು ಇತ್ತೀಚೆಗೆ ಕೈಬಿಟ್ಟಿದ್ದ, ಆದರೂ ಅವರನ್ನೇ ಹಂಬಲಿಸುತ್ತಿದ್ದ 15 ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಬಿಟ್ಟು ಹೋದವರ ಫೋಟೊ ತೋರಿಸಿದರು. ಆಗ ಚುರುಕಾದ ಭಾಗಗಳಲ್ಲಿ, ಬೇಕಾದದ್ದರ ಬೆನ್ನು ಹತ್ತಿಸುವ, ಡೋಪಮಿನ್ ಒದಗಿಸುವ ಮಿದುಳಿನ ಕೇಂದ್ರವೂ ಒಂದು. ಮಾದಕ ವಸ್ತುವಿನ ಚಟದ ಅಧ್ಯಯನಗಳಲ್ಲಿ ಕಾಣುವ ಭಾಗಗಳೂ ಅಲ್ಲಿದ್ದವು. ಹದಿನೈದೇ ಜನ, ಹಾಗಾಗಿ ಇದನ್ನೇ ಹಿಡಿದು ದೊಡ್ಡ ಸಿದ್ಧಾಂತ ಕಟ್ಟಬೇಕಿಲ್ಲ. ಆದರೂ ಪ್ರಶಾಂತನ ಸ್ನೇಹಿತರು ‘ಮರೆತುಬಿಡೋ’ ಅಂದಾಗ ಅವನಿಗೆ ಯಾಕೆ ನಗು ಬರುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ. ಅವನ ಮಿದುಳು ಇನ್ನೂ ದುಃಖಕ್ಕೆ ಬಂದಿಲ್ಲ, ಬೇಟೆಯಲ್ಲಿದೆ.

ಈಗ ಎರಡನೇ ವಾರಕ್ಕೆ ಬರೋಣ. ಪ್ರಶಾಂತ ದಿನಕ್ಕೆ ಎಷ್ಟು ಸಲ ಅವಳ ಲಾಸ್ಟ್ ಸೀನ್, ಡಿಪಿ, ಇನ್‌ಸ್ಟಾಗ್ರಾಂ ಸ್ಟೋರಿ ನೋಡುತ್ತಾನೋ ಅವನಿಗೇ ಲೆಕ್ಕವಿಲ್ಲ. ಪ್ರತಿ ಸಲವೂ ನಡೆಯುವುದು ಒಂದೇ. ಎದೆಯಲ್ಲಿ ಏನೋ ಹಿಂಡಿದಂತಾಗುತ್ತದೆ. ಅವಳಿಗೆ ಏನೋ ಆಗಿದೆ, ಬೇರೆ ಯಾರೋ ಇದ್ದಾರೆ ಎಂಬ ಯೋಚನೆ ಏಳುತ್ತದೆ. ಕೈ ಫೋನಿಗೆ ಹೋಗುತ್ತದೆ. ನೋಡಿದ ತಕ್ಷಣ ಒಂದು ನಿಮಿಷ ಹಗುರ. ಆ ಒಂದು ನಿಮಿಷದ ಹಗುರವೇ ಬಲೆ. ಆತಂಕ ಎದ್ದಾಗ ಫೋನ್ ನೋಡಿದರೆ ಇಳಿಯುತ್ತದೆ ಎಂದು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಆತಂಕ ಇನ್ನೂ ಬೇಗ ಏಳುತ್ತದೆ, ಕೈ ಇನ್ನೂ ಬೇಗ ಹೋಗುತ್ತದೆ.

ಇದರ ನಡುವೆ ಕಾವ್ಯ ಆಗೊಮ್ಮೆ ಈಗೊಮ್ಮೆ ಉತ್ತರಿಸುತ್ತಾಳೆ. ಹತ್ತು ಮೆಸೇಜಿಗೆ ಉತ್ತರವಿಲ್ಲ, ಹನ್ನೊಂದನೆಯದಕ್ಕೆ ‘ಹುಷಾರಾಗಿರು, ಊಟ ಬಿಡಬೇಡ’. ಅವಳದು ಒಳ್ಳೆಯ ಮನಸ್ಸೇ. ಪರಿಣಾಮ ಮಾತ್ರ ಒಳ್ಳೆಯದಲ್ಲ. ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಒಂದು ವಿಷಯ ಚೆನ್ನಾಗಿ ತಿಳಿಯಿತು. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಆಗೊಂದು ಈಗೊಂದು ಕಾಳು ಪಡೆದ ಪಾರಿವಾಳ ಮಾತ್ರ, ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಕಾವ್ಯಳ ಹನ್ನೊಂದನೇ ಉತ್ತರ ಪ್ರಶಾಂತನಿಗೆ ಕಲಿಸಿದ್ದು ‘ಹತ್ತಕ್ಕೆ ನಿಲ್ಲಿಸಬೇಡ’ ಎಂಬ ಪಾಠ. ಬಿಡಬೇಕೆಂದು ತೀರ್ಮಾನಿಸಿದವರು ನೋವಾಗದಿರಲಿ ಎಂದು ಸ್ವಲ್ಪ ಸ್ವಲ್ಪವೇ ಬಿಡುವುದು ಕರುಣೆಯಲ್ಲ ಎಂದೇ ನನ್ನ ಅಭಿಪ್ರಾಯ. ‘ಸ್ವಲ್ಪ ದಿನ’ ಎಂಬ ಮೊದಲ ಮೆಸೇಜಿನಲ್ಲೇ ಆ ತೊಡಕಿತ್ತು. ಇದು ಮುಗಿದಿದೆ ಎಂದು ಒಂದು ಸಲ, ಸಾಧ್ಯವಾದರೆ ಎದುರಿಗೆ, ಸ್ಪಷ್ಟವಾಗಿ ಹೇಳಿದ್ದರೆ ಪ್ರಶಾಂತನಿಗೆ ಅಳು ಬರುತ್ತಿತ್ತು, ಆದರೆ ಅಳುವಿನಲ್ಲೇ ಪ್ರತಿಭಟನೆಯ ಹಂತ ದಾಟಲು ಶುರುಮಾಡುತ್ತಿದ್ದ.

ಸಂಬಂಧ ಮುರಿದಿಲ್ಲ, ಜಗಳವಷ್ಟೇ ಆಗಿದೆ ಎಂದಾದರೆ ಲೆಕ್ಕ ಬೇರೆ. ಗಂಡ ಹೆಂಡಿರಲ್ಲೂ ಇದೇ ಆಟ ನಡೆಯುತ್ತದೆ: ಒಬ್ಬರು ಮಾತು ಬಿಟ್ಟು ಹೊರಗೆ ಹೋಗುತ್ತಾರೆ, ಇನ್ನೊಬ್ಬರು ಬಾಗಿಲವರೆಗೂ ಹಿಂಬಾಲಿಸುತ್ತಾರೆ. ಹಿಂಬಾಲಿಸಿದಷ್ಟೂ ಅವರು ದೂರ ಹೋಗುತ್ತಾರೆ, ದೂರ ಹೋದಷ್ಟೂ ಇವರು ಹಿಂಬಾಲಿಸುತ್ತಾರೆ. ಇಲ್ಲಿ ಬಹಳ ಸಣ್ಣ ಮಾತೊಂದು ಕೆಲಸ ಮಾಡುತ್ತದೆ. ಹೊರಗೆ ಹೋಗುವವರು ಯಾವಾಗ ಬರುತ್ತೇನೆಂದು ಹೇಳಿ ಹೋಗಬೇಕು. ‘ಈಗ ತಲೆ ಬಿಸಿಯಾಗಿದೆ, ರಾತ್ರಿ ಊಟ ಆದ ಮೇಲೆ ಕೂತು ಮಾತಾಡೋಣ’ ಅಂದು, ಹೇಳಿದ ಹೊತ್ತಿಗೆ ತಾವಾಗಿಯೇ ಮಾತು ಶುರುಮಾಡಬೇಕು. ಕಾಯುವವರಿಗೆ ಕೊನೆ ಗೊತ್ತಿದ್ದರೆ ಕಾಯುವುದು ಕಷ್ಟವಲ್ಲ. ಮೂರು ದಿನ ಮುಖ ಊದಿಸಿಕೊಂಡು ಮಾತು ಬಿಡುವುದನ್ನು ಶಿಕ್ಷೆಯಾಗಿ ಬಳಸುವ ಮನೆಗಳಲ್ಲಿ, ಇನ್ನೊಬ್ಬರ ಅಂಟಿಕೊಳ್ಳುವ ಸ್ವಭಾವವನ್ನು ಮಾತ್ರ ದೂರುವುದು ಅನ್ಯಾಯ.

ಪ್ರಶಾಂತನಿಗೆ ವಾಪಸಾಗೋಣ. ಅವನು ಏನು ಮಾಡಬೇಕು? ಕಾವ್ಯಳ ಮೆಸೇಜಿನ ಅಸ್ಪಷ್ಟತೆಯನ್ನು ಅವನೇ ಮುಗಿಸಬಹುದು. ‘ನೀನು ಹೇಳಿದ್ದು ಅರ್ಥ ಆಯ್ತು. ನಾನಾಗಿ ಮತ್ತೆ ಮೆಸೇಜ್ ಮಾಡಲ್ಲ. ನಿನಗೆ ಮಾತಾಡಬೇಕು ಅನ್ನಿಸಿದರೆ ಹೇಳು.’ ಇಷ್ಟೇ. ಇದರ ಕೆಳಗೆ ಕ್ಷಮಾಪಣೆ, ನೆನಪು, ಫೋಟೊ ಯಾವುದೂ ಬೇಡ. ಇದನ್ನು ಕಳಿಸಿದ ಮೇಲೆ ಚಾಟನ್ನು ಆರ್ಕೈವ್‌ಗೆ ಹಾಕಿ, ಇನ್‌ಸ್ಟಾಗ್ರಾಂನಲ್ಲಿ ಅವಳ ಖಾತೆ ಕಣ್ಣಿಗೆ ಬೀಳದಂತೆ ಮಾಡಬೇಕು. ‘ನೋಡುವುದರಿಂದ ಸಮಾಧಾನ ಆಗುತ್ತೆ’ ಎಂದು ಅವನು ವಾದಿಸುತ್ತಾನೆ. 2012ರಲ್ಲಿ ಟಾರಾ ಮಾರ್ಷಲ್ ಎಂಬ ಸಂಶೋಧಕಿ 464 ಜನರನ್ನು ವಿಚಾರಿಸಿದಾಗ ಕಂಡದ್ದು ಬೇರೆ: ಬಿಟ್ಟವರ ಫೇಸ್‌ಬುಕ್ ಪುಟವನ್ನು ಹೆಚ್ಚು ನೋಡುತ್ತಿದ್ದವರಲ್ಲಿ ಸಂಕಟವೂ ಹಂಬಲವೂ ಹೆಚ್ಚಿದ್ದವು. ನೋವು ಹೆಚ್ಚಿದ್ದವರೇ ಹೆಚ್ಚು ನೋಡುತ್ತಿದ್ದರು ಎಂದೂ ವಾದಿಸಬಹುದು. ಎರಡೂ ನಿಜವಿರಬಹುದು. ಯಾವುದು ನಿಜವಾದರೂ, ನೋಡಿದ್ದರಿಂದ ಗಾಯ ಮಾಯಿತು ಎಂದು ಹೇಳುವ ಆಧಾರವಂತೂ ಅಲ್ಲಿಲ್ಲ.

ನಿಲ್ಲಿಸಿದ ಮೊದಲ ಕೆಲವು ದಿನ ಆತಂಕ ಇಳಿಯುವುದಿಲ್ಲ, ಏರುತ್ತದೆ. ಇದು ಗೊತ್ತಿಲ್ಲದೆ ಬಹಳ ಜನ ಸೋಲುತ್ತಾರೆ. ಕಾಳು ನಿಂತ ಪಾರಿವಾಳ ಕೂಡ ಸುಮ್ಮನಾಗುವ ಮುಂಚೆ ಮೊದಲಿಗಿಂತ ಜೋರಾಗಿ ಕುಕ್ಕುತ್ತದೆ. ಪ್ರಶಾಂತನಿಗೆ ಮೂರನೇ ರಾತ್ರಿ ‘ಒಂದೇ ಒಂದು ಸಲ ನೋಡಿಬಿಡುತ್ತೇನೆ, ಇಷ್ಟು ಸಂಕಟ ಆಗುತ್ತಿದೆ ಎಂದರೆ ನನ್ನ ಪ್ರೀತಿ ನಿಜ ಎಂದೇ ಅರ್ಥ’ ಅನ್ನಿಸುತ್ತದೆ. ಸಂಕಟ ಹೆಚ್ಚಾಗಿರುವುದು ಹಳೆಯ ಅಭ್ಯಾಸ ಮುರಿಯುತ್ತಿರುವುದಕ್ಕೆ. ಆ ಹೊತ್ತಿನಲ್ಲಿ ಏನೂ ಮಾಡದೆ ಬಿಟ್ಟರೆ ಅದು ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ಹಾಗೆ ಇಳಿದದ್ದನ್ನು ನಾಲ್ಕಾರು ಸಲ ಕಂಡ ಮೇಲೆಯೇ, ಫೋನ್ ನೋಡದೆಯೂ ಬದುಕಬಹುದೆಂದು ಮನಸ್ಸು ಒಪ್ಪುವುದು. ಆ ಅರ್ಧ ಗಂಟೆ ಫೋನನ್ನು ರೂಮ್‌ಮೇಟ್ ಕೈಗೆ ಕೊಟ್ಟು ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುವುದು ಸಾಕು.

ತಲೆಯೊಳಗಿನ ಲೆಕ್ಕಾಚಾರಕ್ಕೆ ‘ಯೋಚಿಸಬೇಡ’ ಎಂಬ ಮದ್ದು ನಾಟುವುದಿಲ್ಲ. ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಚಿಂತೆಯ ಮೇಲೆ ಪರೀಕ್ಷಿಸಿದ ಒಂದು ಕ್ರಮ ಇವತ್ತಿಗೂ ಬಳಕೆಯಲ್ಲಿದೆ. ಚಿಂತೆಯನ್ನು ತಡೆಯುವುದಲ್ಲ, ಮುಂದೂಡುವುದು. ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅರ್ಧ ಗಂಟೆಯನ್ನು ಚಿಂತೆಗೆ ಮೀಸಲಿಡಬೇಕು. ಸಂಜೆ ಆರೂವರೆ, ಟೆರೇಸಿನ ಮೂಲೆ ಎಂದಿಟ್ಟುಕೊಳ್ಳಿ. ಮಲಗುವ ಮುಂಚೆ ಬೇಡ, ಹಾಸಿಗೆಯಲ್ಲಂತೂ ಬೇಡವೇ ಬೇಡ. ಬೆಳಿಗ್ಗೆ ಆಫೀಸಿನಲ್ಲಿ ‘ಆ ರಾತ್ರಿ ಯಾರ ಜೊತೆ ಮಾತಾಡುತ್ತಿದ್ದಳು’ ಎಂಬುದು ಎದ್ದರೆ ಚೀಟಿಯಲ್ಲಿ ಒಂದು ಸಾಲು ಬರೆದುಕೊಂಡು, ‘ಆರೂವರೆಗೆ ನೋಡೋಣ’ ಎಂದು ಕೆಲಸಕ್ಕೆ ಮರಳಬೇಕು. ಸಂಜೆ ಚೀಟಿ ತೆಗೆದು ನೋಡಿದರೆ ಅರ್ಧದಷ್ಟು ಪ್ರಶ್ನೆಗಳಿಗೆ ಆಗಲೇ ಬಿಸಿ ಆರಿರುತ್ತದೆ. ಉಳಿದವುಗಳಲ್ಲಿ ‘ಯಾಕೆ’ ಎಂದು ಶುರುವಾಗುವವನ್ನು ಬದಿಗಿಟ್ಟು, ‘ಏನು, ಯಾವಾಗ, ಹೇಗೆ’ ಎಂದು ಕೇಳಬಹುದಾದವನ್ನು ಹಿಡಿಯಬೇಕು. ‘ನನ್ನಲ್ಲಿ ಏನು ಕೊರತೆ ಇತ್ತು’ ಎಂಬುದಕ್ಕೆ ತಳವಿಲ್ಲ. ‘ಕಳೆದ ವಾರದ ಜಗಳದಲ್ಲಿ ನಾನು ಏನಂದೆ’ ಎಂಬುದಕ್ಕೆ ಉತ್ತರ ಇದೆ, ಅದರಿಂದ ಕಲಿಯಲೂಬಹುದು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಪ್ರಶಾಂತನ ಮನೆಯಲ್ಲಿ ಕಾವ್ಯಳ ವಿಷಯವೇ ಗೊತ್ತಿಲ್ಲ. ಜಾತಿ ಬೇರೆ, ಹೇಳುವ ಧೈರ್ಯ ಬಂದಿರಲಿಲ್ಲ. ‘ಊಟ ಆಯ್ತೇನಪ್ಪ, ಯಾಕೆ ಒಂಥರಾ ಮಾತಾಡ್ತಿದೀಯ?’ ಎಂದು ಅಮ್ಮ ಕೇಳಿದರೆ ‘ಕೆಲಸ ಜಾಸ್ತಿ ಅಮ್ಮ’ ಅನ್ನಬೇಕು. ಗೊತ್ತಿರದ ಪ್ರೀತಿಗೆ ಗೊತ್ತಿರುವ ದುಃಖ ಇರಲು ಸಾಧ್ಯವಿಲ್ಲ. ಮದುವೆ ಮುರಿದರೆ ನಾಲ್ಕು ಜನ ಮನೆಗೆ ಬರುತ್ತಾರೆ. ಇಂಥದ್ದು ಮುರಿದರೆ ಇದರ ಬಗ್ಗೆ ಮಾತಾಡಬಹುದಾದ ಏಕೈಕ ವ್ಯಕ್ತಿ ಯಾರು? ಬಿಟ್ಟು ಹೋದವಳೇ. ಅಂಟಿಕೊಳ್ಳುವುದು ಇನ್ನೂ ಬಿಗಿಯಾಗುವುದಕ್ಕೆ ಇದೂ ಕಾರಣ. ಅಮ್ಮನಿಗೆ ಹೇಳಲಾಗದಿದ್ದರೆ ಅಕ್ಕನಿಗೋ ಚಿಕ್ಕಮ್ಮನಿಗೋ ಒಬ್ಬರಿಗಾದರೂ ಇಡೀ ಕಥೆ ಒಮ್ಮೆ ಹೇಳಿಕೊಳ್ಳುವುದು ಒಳ್ಳೆಯದು.

ಇದೆಲ್ಲದರ ನಡುವೆ ಕಾವ್ಯಳನ್ನು ಮರೆಯುವಂತಿಲ್ಲ. ಅವಳ ಫೋನು ದಿನಕ್ಕೆ ಇಪ್ಪತ್ತು ಸಲ ಹೊಡೆದುಕೊಳ್ಳುತ್ತಿದೆ. ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಬರುತ್ತದೆ. ಒಂದು ಸಂಜೆ ಪಿಜಿ ಎದುರಿನ ಬೇಕರಿ ಬಳಿ ಪ್ರಶಾಂತ ನಿಂತಿದ್ದಾನೆ. ಅವನ ಮನಸ್ಸಿನಲ್ಲಿ ಇದು ಪ್ರೀತಿ, ಅವಳಿಗೆ ಇದು ಭಯ. ಬೇಡವೆಂದು ಹೆಣ್ಣು ಸ್ಪಷ್ಟವಾಗಿ ತಿಳಿಸಿದ ಮೇಲೂ ಗಂಡು ಮತ್ತೆ ಮತ್ತೆ ಹಿಂಬಾಲಿಸಿದರೆ, ಸಂಪರ್ಕಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅದು ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು ಆಗಬಹುದು. ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಅದೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಹಿಂದೆ ಬಿದ್ದು ಒಲಿಸಿಕೊಳ್ಳುವ ನಾಯಕನನ್ನು ನಮ್ಮ ಸಿನಿಮಾಗಳು ದಶಕಗಳಿಂದ ಮೆರೆಸಿವೆ. ಠಾಣೆಯಲ್ಲಿ ಆ ಕಥೆ ನಡೆಯುವುದಿಲ್ಲ, ನಡೆಯಲೂಬಾರದು.

ಹೆಚ್ಚಿನವರಲ್ಲಿ ಈ ಅಲೆ ವಾರಗಳು, ತಿಂಗಳುಗಳಲ್ಲಿ ಇಳಿಯುತ್ತದೆ. ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ, ದಿನವೂ ಕುಡಿಯದೆ ಮಲಗಲಾಗುತ್ತಿಲ್ಲ ಎಂದಾದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ, ‘ನೀನು ಬರದಿದ್ದರೆ ನಾನಿರಲ್ಲ’ ಎಂಬ ಮಾತು ಬಾಯಿಗೆ ಬಂದರೆ, ಎರಡು ವಾರ ಕಾಯಬೇಕಿಲ್ಲ, ಅವತ್ತೇ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶಾಂತನಂಥವರ ಸ್ನೇಹಿತರಲ್ಲಿ ನನ್ನದೊಂದು ಕೋರಿಕೆ. ‘ಅವಳು ವಾಪಸ್ ಬರ್ತಾಳೆ ಅಲ್ವೇನೋ?’ ಎಂದು ಅವನು ಹತ್ತನೇ ಸಲ ಕೇಳಿದಾಗ ‘ಬರ್ತಾಳೆ ಬಿಡೋ ಮಗಾ’ ಅನ್ನಬೇಡಿ. ಅದೂ ಒಂದು ಕಾಳೇ. ‘ನಂಗೊತ್ತಿಲ್ಲ ಕಣೋ, ನಡಿ ಊಟ ಮಾಡೋಣ’ ಅನ್ನಿ. ಅವನ ಪರವಾಗಿ ಅವಳಿಗೆ ಫೋನ್ ಮಾಡಬೇಡಿ, ಅವಳ ಸ್ಟೋರಿಯನ್ನು ನಿಮ್ಮ ಮೊಬೈಲಿನಲ್ಲಿ ತೆರೆದು ಅವನಿಗೆ ತೋರಿಸಬೇಡಿ. ಅವಳ ಪಿಜಿ ಹತ್ತಿರ ಹೋಗೋಣ ಬಾ ಎಂದು ಅವನು ಕರೆದರೆ ಬೈಕ್ ಕೀ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ.